ಮೂರು ತಿಂಗಳು ದಾಟಿದ ಡಿಡಿ: ಚಾಲ್ತಿಗೆ ತರುವುದು, ದುಡ್ಡು ವಾಪಸ್ ಪಡೆಯುವುದು ಹೇಗೆ?

ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಮಳಿಗೆ ಹರಾಜಿಗೆ ಅರ್ಜಿ ಹಾಕಿದ್ದರು. ಅರ್ಜಿಯ ಜೊತೆ ಠೇವಣಿಗೆಂದು 25,000 ರೂಪಾಯಿಯ ಡಿಡಿ. ಡಿಡಿಯ ದಿನಾಂಕ ಜೂನ್ 12. ಹರಾಜು ಜುಲೈನಲ್ಲಿ ಆಗಬೇಕಿತ್ತು, ಆಗಲಿಲ್ಲ. ಆಗಸ್ಟ್‌ಗೆ ಹೋಯಿತು, ಅಲ್ಲಿಂದ ಅಕ್ಟೋಬರ್‌ಗೆ ಹೋಯಿತು. ಸೆಪ್ಟೆಂಬರ್ ಕೊನೆಯಲ್ಲಿ ಕಚೇರಿಯವರು ಡಿಡಿಯನ್ನು ಕೈಗೆ ಕೊಟ್ಟು, "ಅವಧಿ ಮುಗಿದಿದೆ, ಬ್ಯಾಂಕಿನಲ್ಲಿ ಸರಿಮಾಡಿಸಿಕೊಂಡು ಬನ್ನಿ" ಎಂದರು. ಮನುಷ್ಯ ಗಾಬರಿಯಾಗಿ ನಮ್ಮ ಕೌಂಟರಿಗೆ ಬಂದು ಕೇಳಿದ ಮೊದಲ ಮಾತು: "ಸಾರ್, ದುಡ್ಡು ಹೋಯ್ತಾ?"

ಹೋಗಿರಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿದಷ್ಟು ವರ್ಷವೂ ಈ ಪ್ರಶ್ನೆಯನ್ನು ಕೇಳಿದ್ದೇನೆ. ಈ ವ್ಯಾಪಾರಿ ಮಾತ್ರ ಒಂದೇ ಡಿಡಿಗಾಗಿ ಎರಡು ಸಲ ಬಂದರು; ಒಮ್ಮೆ ಅದನ್ನು ಮತ್ತೆ ಚಾಲ್ತಿಗೆ ತರಲು, ಇನ್ನೊಮ್ಮೆ ರದ್ದು ಮಾಡಿ ದುಡ್ಡು ಪಡೆಯಲು. ಹಾಗಾಗಿ ಅವರ ಕಥೆಯನ್ನೇ ಹಿಡಿದು ಹೋಗೋಣ.

ಅವಧಿ ಮುಗಿಯಿತು ಎಂದರೇನು?

ಚೆಕ್ಕಾಗಲಿ ಡಿಡಿಯಾಗಲಿ, ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳು ಮಾತ್ರ ಚಾಲ್ತಿ. ಮೊದಲು ಆರು ತಿಂಗಳಿತ್ತು. 2012ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕ್ ಅದನ್ನು ಮೂರಕ್ಕೆ ಇಳಿಸಿತು. ಹಳೆಯ ವ್ಯಾಪಾರಿಗಳ ಬಾಯಲ್ಲಿ ಇನ್ನೂ "ಆರು ತಿಂಗಳಿದೆ ಬಿಡಿ" ಎಂಬ ಮಾತಿದೆ, ಅದನ್ನು ನಂಬಬೇಡಿ.

ಡಿಡಿ ತೆಗೆದ ದಿನವೇ ನಿಮ್ಮ ಖಾತೆಯಿಂದ ಹಣ ಹೋಗಿರುತ್ತದೆ. ಅದು ಇನ್ನೂ ಡಿಡಿ ಪಡೆಯಬೇಕಾದವರ ಕೈಗೂ ಸೇರಿಲ್ಲ. ಅಲ್ಲಿಯವರೆಗೆ ಬ್ಯಾಂಕು ಆ ಮೊತ್ತವನ್ನು ತಾನು ಕೊಡಬೇಕಾದ ಬಾಕಿ ಎಂದು ಬೇರೆ ಲೆಕ್ಕದಲ್ಲಿ ಇಟ್ಟಿರುತ್ತದೆ. ಮೂರು ತಿಂಗಳು ಕಳೆದರೆ ಆ ಕಾಗದವನ್ನು ಕ್ಲಿಯರಿಂಗಿಗೆ ಹಾಕಲು ಬರುವುದಿಲ್ಲ, ಅಷ್ಟೇ. ಹಣ ಅಲ್ಲೇ ಇರುತ್ತದೆ. ಬಡ್ಡಿ ಮಾತ್ರ ಬರುವುದಿಲ್ಲ. ನೀವು ಡಿಡಿಯನ್ನು ಬೀರುವಿನಲ್ಲಿ ಮರೆತರೆ ಲಾಭ ಬ್ಯಾಂಕಿಗೆ, ನಷ್ಟ ನಿಮಗೆ.

ಬ್ಯಾಂಕಿಗೆ ಹೋಗುವ ಮೊದಲು

ಡಿಡಿಯನ್ನು ಮುಂದೆ ಹಿಂದೆ ತಿರುಗಿಸಿ ನೋಡಿ. ಮುಂದೆ ಮೂರು ಸಂಗತಿ ಇರುತ್ತವೆ: ಯಾರ ಹೆಸರಿಗೆ, ಯಾವ ಶಾಖೆ ಕೊಟ್ಟದ್ದು, ಯಾರು ತೆಗೆದದ್ದು. ಕೊನೆಯದು 2018ರ ಸೆಪ್ಟೆಂಬರ್ 15ರಿಂದ ಕಡ್ಡಾಯವಾಗಿದೆ. ಡಿಡಿ ಕೊಂಡವರ ಹೆಸರನ್ನು ಅದರ ಮುಖದ ಮೇಲೇ ಮುದ್ರಿಸಬೇಕು. ಈ ಹೆಸರೇ ಮುಂದೆ ಎಲ್ಲವನ್ನೂ ತೀರ್ಮಾನಿಸುತ್ತದೆ. ಚಾಲ್ತಿಗೆ ತರಲು ಅಥವಾ ರದ್ದು ಮಾಡಲು ಅರ್ಜಿ ಕೊಡಬೇಕಾದವರು ಕೊಂಡವರು. ಡಿಡಿ ಯಾರ ಹೆಸರಿಗಿದೆಯೋ ಅವರು ತಾವಾಗಿಯೇ ಬಂದು ಕೇಳಿದರೆ, ಕೊಂಡವರ ಪತ್ರ ತನ್ನಿ ಎಂದು ಶಾಖೆಯವರು ಕಳಿಸುವುದೇ ಹೆಚ್ಚು.

ನಮ್ಮ ವ್ಯಾಪಾರಿ ಸಿಕ್ಕಿಬಿದ್ದದ್ದು ಇಲ್ಲೇ. ಹರಾಜಿಗೆ ಅರ್ಜಿ ಅವರದ್ದು, ಆದರೆ ಡಿಡಿ ತೆಗೆದದ್ದು ಹೆಂಡತಿಯ ಉಳಿತಾಯ ಖಾತೆಯಿಂದ. "ನಮ್ಮನೆಯೋರ ಅಕೌಂಟು ಸಾರ್, ನಾನೇ ಬಂದಿದೀನಲ್ಲ" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ನಾವು ಹೇಳಬೇಕಾದದ್ದು ಒಂದೇ: "ಅಮ್ಮಾವ್ರ ಸಹಿ ಬೇಕು." ಒಂದು ಬಸ್ಸು ಪ್ರಯಾಣ ಸುಮ್ಮನೆ ಹೋಯಿತು. ಗಂಡನೋ ಮಗನೋ ತಂದರೂ ಅರ್ಜಿಯ ಮೇಲೆ ಖಾತೆದಾರರ ಸಹಿ ಇರಲಿ, ಅದು ಬ್ಯಾಂಕಿನಲ್ಲಿರುವ ಮಾದರಿ ಸಹಿಗೆ ಹೊಂದಲಿ. ಕಂಪನಿ, ಸಂಘ, ಪಾಲುದಾರಿಕೆ ಸಂಸ್ಥೆಯ ಖಾತೆಯಾದರೆ ಸಹಿ ಹಾಕುವ ಅಧಿಕಾರ ಇರುವವರೇ ಸೀಲಿನೊಂದಿಗೆ ಹಾಕಬೇಕು.

ಡಿಡಿಯ ಮೇಲೆ ನೀವೇ ದಿನಾಂಕ ತಿದ್ದಲು ಹೋಗಬೇಡಿ. "ರದ್ದು" ಎಂದು ಅಡ್ಡಗೆರೆ ಎಳೆಯುವುದು, ಹರಿಯುವುದು, ಲ್ಯಾಮಿನೇಟ್ ಮಾಡಿಸುವುದು ಕೂಡ ಬೇಡ. ತಿದ್ದಿದ ಡಿಡಿಯನ್ನು ಬ್ಯಾಂಕು ಮುಟ್ಟಲು ಹಿಂಜರಿಯುತ್ತದೆ, ಅದು ನ್ಯಾಯವೂ ಹೌದು.

ಚಾಲ್ತಿಗೆ ತರುವುದೋ, ರದ್ದು ಮಾಡುವುದೋ?

ಡಿಡಿ ಇನ್ನೂ ಅದೇ ಹೆಸರಿಗೆ, ಅದೇ ಮೊತ್ತಕ್ಕೆ, ಅದೇ ಕೆಲಸಕ್ಕೆ ಬೇಕಿದ್ದರೆ ಮಾತ್ರ ಚಾಲ್ತಿಗೆ ತರಿಸಿ. ಬ್ಯಾಂಕಿನ ಭಾಷೆಯಲ್ಲಿ ಇದು ರೀವ್ಯಾಲಿಡೇಷನ್. ಇದರಲ್ಲಿ ಬದಲಾಗುವುದು ದಿನಾಂಕ ಮಾತ್ರ. ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೂ, ಮೊತ್ತ ಹೆಚ್ಚಿಸಬೇಕಿದ್ದರೂ ದಾರಿ ಬೇರೆ: ಹಳೆಯದನ್ನು ರದ್ದು ಮಾಡಿ ಹೊಸದು ತೆಗೆಯುವುದು.

ವ್ಯಾಪಾರಿಯದು ಮೊದಲ ಸಲ ಸರಳ ಪ್ರಕರಣ. ಹರಾಜು ಅಕ್ಟೋಬರ್‌ನಲ್ಲಿ, ಡಿಡಿ ಅದೇ ಕಚೇರಿಗೆ. ಹೆಂಡತಿಯ ಸಹಿಯ ಅರ್ಜಿ, ಅಸಲಿ ಡಿಡಿ, ಪಾಸ್‌ಬುಕ್, ಆಧಾರ್ ಪ್ರತಿ ತಂದರು. ಕಂಪ್ಯೂಟರಿನಲ್ಲಿ ಡಿಡಿ ಸಂಖ್ಯೆ ಹಾಕಿ, ಪಾವತಿಯಾಗಿಲ್ಲ ಎಂದು ಖಾತ್ರಿ ಮಾಡಿಕೊಂಡೆವು. ಸೆಪ್ಟೆಂಬರ್ 25ರಂದು ಡಿಡಿಯ ಮುಖದ ಮೇಲೆ ಹೊಸ ದಿನಾಂಕ ಬರೆದು, ಅಧಿಕಾರಿಗಳು ಸಹಿ, ಸೀಲು ಹಾಕಿ ಕೊಟ್ಟರು. ಅಂದಿನಿಂದ ಮತ್ತೆ ಮೂರು ತಿಂಗಳು, ಎಂದರೆ ಡಿಸೆಂಬರ್ ಕೊನೆಯ ವಾರದವರೆಗೆ. ಈಗಿನ ಚೆಕ್ ಟ್ರಂಕೇಷನ್ ವ್ಯವಸ್ಥೆಯಲ್ಲಿ ಕಾಗದ ಊರೂರು ತಿರುಗುವುದಿಲ್ಲ, ಅದರ ಚಿತ್ರ ಮಾತ್ರ ಹೋಗುತ್ತದೆ. ಬೇರೆ ಯಾವ ತಿದ್ದುಪಡಿಯನ್ನೂ ಒಪ್ಪದ ಆ ವ್ಯವಸ್ಥೆ, ಚಾಲ್ತಿಗಾಗಿ ದಿನಾಂಕ ಬದಲಿಸುವುದನ್ನು ಮಾತ್ರ ಬಿಟ್ಟುಕೊಟ್ಟಿದೆ.

ಕೆಲವು ಶಾಖೆಗಳು ಮೇಲೆ ಬರೆಯುವ ಗೋಜಿಗೇ ಹೋಗದೆ ಹಳೆಯದನ್ನು ರದ್ದು ಮಾಡಿ ಹೊಸ ಡಿಡಿ ಕೊಡುತ್ತವೆ. ನನಗೆ ಕೇಳಿದರೆ ಅದೇ ವಾಸಿ. ಕಮಿಷನ್ ಇನ್ನೊಂದು ಸಲ ಕೊಡಬೇಕಾಗಬಹುದು, ಆದರೆ ಕಚೇರಿಯ ಗುಮಾಸ್ತರು ಬರೆದು ಸೀಲು ಹಾಕಿದ ಡಿಡಿ ಕಂಡು ಹುಬ್ಬೇರಿಸುವ ಪ್ರಸಂಗ ಬರುವುದಿಲ್ಲ. ಅಂದಹಾಗೆ ಹೊಸ ಡಿಡಿಗೆ ಹೊಸ ಸಂಖ್ಯೆ ಇರುತ್ತದೆ. ಹರಾಜಿನ ಅರ್ಜಿಯಲ್ಲಿ ಹಳೆಯ ಸಂಖ್ಯೆ ಬರೆದಿದ್ದರೆ ಅದನ್ನೂ ಬದಲಿಸಲು ಮರೆಯಬೇಡಿ.

ಎರಡನೇ ಸಲ: ದುಡ್ಡು ವಾಪಸ್

ಅಕ್ಟೋಬರ್‌ನಲ್ಲಿ ಹರಾಜಾಯಿತು. ಮಳಿಗೆ ಬೇರೆಯವರಿಗೆ ಹೋಯಿತು. ಸೋತವರ ಡಿಡಿಗಳು ಕಚೇರಿಯ ಕಡತದಲ್ಲೇ ಕೂತು, ಇವರ ಕೈಗೆ ಬಂದದ್ದು ಜನವರಿಯಲ್ಲಿ. ಅಷ್ಟರಲ್ಲಿ ಅವಧಿ ಮತ್ತೆ ಮುಗಿದಿತ್ತು. ಚಾಲ್ತಿಗೆ ತರುವುದು ಸಾಮಾನ್ಯವಾಗಿ ಒಂದೇ ಸಲ. ಇಲ್ಲಿ ಅದರ ಅಗತ್ಯವೂ ಇಲ್ಲ. ಇನ್ನು ರದ್ದು ಮಾಡುವುದೇ.

ಇಲ್ಲಿ ಬ್ಯಾಂಕು ಸ್ವಲ್ಪ ಹೆಚ್ಚು ಎಚ್ಚರ ವಹಿಸುತ್ತದೆ, ಅದಕ್ಕೆ ಕಾರಣವಿದೆ. ಡಿಡಿ ಒಮ್ಮೆ ಪಡೆಯುವವರ ಕೈಸೇರಿದ ಮೇಲೆ, ಕೊಂಡವರು "ಹಣ ಕೊಡಬೇಡಿ" ಎಂದು ಚೆಕ್ಕಿನ ಹಾಗೆ ತಡೆಯಲು ಬರುವುದಿಲ್ಲ. ಡಿಡಿ ಬ್ಯಾಂಕು ಕೊಟ್ಟ ಮಾತು, ಆ ಮಾತು ಈಗ ಅದನ್ನು ಪಡೆದವರಿಗೆ ಕೊಟ್ಟದ್ದು. ಆದ್ದರಿಂದ ಅಸಲಿ ಡಿಡಿ ಕೊಂಡವರ ಕೈಗೆ ಮರಳಿದೆ, ಪಡೆಯಬೇಕಿದ್ದವರಿಗೆ ಅದರ ಮೇಲೆ ಹಕ್ಕು ಉಳಿದಿಲ್ಲ ಎಂಬುದು ಖಾತ್ರಿಯಾಗಬೇಕು. ಜೆರಾಕ್ಸ್ ಪ್ರತಿ ಹಿಡಿದು ಬಂದವರಿಗೆ ದುಡ್ಡು ಸಿಗದಿರುವುದು ಇದಕ್ಕೇ.

ಡಿಡಿಯ ಹಿಂಬದಿ ನೋಡಿ ಎಂದದ್ದು ಈಗ ಕೆಲಸಕ್ಕೆ ಬರುತ್ತದೆ. ಹಿಂದೆ ಏನೂ ಇಲ್ಲದಿದ್ದರೆ ಅಸಲಿ ಡಿಡಿ ಒಪ್ಪಿಸಿದರೆ ಬಹುತೇಕ ಸಾಕಾಗುತ್ತದೆ. ಕಚೇರಿಯ ಸೀಲು, ಸಹಿ ಅಥವಾ ಇನ್ನೊಂದು ಬ್ಯಾಂಕಿನ ಕ್ಲಿಯರಿಂಗ್ ಮೊಹರು ಇದ್ದರೆ, ಅವರು ಅದನ್ನು ಜಮಾ ಮಾಡಲು ಹೊರಟಿದ್ದರು ಎಂದರ್ಥ. ಆಗ ಎರಡರಲ್ಲೊಂದು ಬೇಕು: ಅವಧಿ ಮುಗಿದದ್ದರಿಂದ ವಾಪಸ್ ಬಂತು ಎಂಬ ರಿಟರ್ನ್ ಮೆಮೊ, ಇಲ್ಲವೇ ಆ ಕಚೇರಿಯ ಪತ್ರ. ನಮ್ಮ ವ್ಯಾಪಾರಿಯ ಡಿಡಿಯ ಹಿಂದೆ ಕಚೇರಿಯ ಮೊಹರಿತ್ತು. ಆದರೆ ಅವರು ಜಾಣರು, ಡಿಡಿ ವಾಪಸ್ ಪಡೆಯುವಾಗಲೇ ಒಂದು ಪತ್ರ ಬರೆಸಿಕೊಂಡು ಬಂದಿದ್ದರು: "ಈ ಡಿಡಿ ನಮಗೆ ಅಗತ್ಯವಿಲ್ಲ, ಕೊಂಡವರಿಗೆ ಹಣ ಮರಳಿಸಲು ನಮ್ಮ ಅಭ್ಯಂತರವಿಲ್ಲ." ಡಿಡಿ ಸಂಖ್ಯೆ, ಮೊತ್ತ, ಸಹಿ, ಸೀಲು ಎಲ್ಲ ಇದ್ದವು. ಡಿಡಿ ವಾಪಸ್ ಕೊಡುವ ಕೌಂಟರಿನಲ್ಲೇ ಇದನ್ನು ಕೇಳಿ ಪಡೆಯುವುದು ಸುಲಭ. ತಿಂಗಳಾದ ಮೇಲೆ ಹೋದರೆ ಕಡತ ಹುಡುಕುವುದೇ ಒಂದು ಕೆಲಸ.

ಅರ್ಜಿ ಉದ್ದ ಬೇಕಿಲ್ಲ. ಹೀಗಿದ್ದರೆ ಸಾಕು:

"ಶಾಖಾ ವ್ಯವಸ್ಥಾಪಕರಿಗೆ. ನನ್ನ ಉಳಿತಾಯ ಖಾತೆ ಸಂಖ್ಯೆ … ರಿಂದ ದಿನಾಂಕ … ರಂದು … ಅವರ ಹೆಸರಿಗೆ ರೂ. 25,000ಕ್ಕೆ ಪಡೆದ ಡಿಡಿ ಸಂಖ್ಯೆ … ಬಳಕೆಯಾಗದೆ ಅವಧಿ ಮೀರಿದೆ. ಅಸಲಿ ಡಿಡಿಯನ್ನು ಇದರೊಂದಿಗೆ ಒಪ್ಪಿಸಿದ್ದೇನೆ. ದಯವಿಟ್ಟು ರದ್ದುಪಡಿಸಿ, ಶುಲ್ಕ ಕಳೆದು ಉಳಿದ ಮೊತ್ತವನ್ನು ಅದೇ ಖಾತೆಗೆ ಜಮಾ ಮಾಡಿ. ಇತಿ, (ಸಹಿ)."

ಎರಡು ಪ್ರತಿ ಬರೆಯಿರಿ. ಒಂದರ ಮೇಲೆ ಸ್ವೀಕೃತಿ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಡಿಡಿ ಒಪ್ಪಿಸುವ ಮುನ್ನ ಅದರ ಎರಡೂ ಬದಿ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಹಣ ಎಲ್ಲಿಂದ ಹೋಗಿತ್ತೋ ಅದೇ ಖಾತೆಗೆ ಬರುತ್ತದೆ, "ನನ್ನ ಖಾತೆಗೆ ಹಾಕಿ" ಎಂದು ಗಂಡ ಕೇಳಿದರೆ ನಡೆಯುವುದಿಲ್ಲ. ರದ್ದು ಶುಲ್ಕ ಒಂದೊಂದು ಬ್ಯಾಂಕಿನಲ್ಲಿ ಒಂದೊಂದು, ಅದರ ಮೇಲೆ ಶೇ 18 ಜಿಎಸ್‌ಟಿ. ಶುಲ್ಕ 100 ರೂಪಾಯಿ ಎಂದಿಟ್ಟುಕೊಂಡರೆ 118 ಕಳೆದು 24,882 ರೂಪಾಯಿ ಜಮಾ ಆಗುತ್ತದೆ. ಡಿಡಿ ತೆಗೆಯುವಾಗ ಕೊಟ್ಟ ಕಮಿಷನ್ ವಾಪಸ್ ಬರುವುದಿಲ್ಲ.

ಇದೆಲ್ಲಕ್ಕೂ ಡಿಡಿ ಕೊಟ್ಟ ಶಾಖೆಗೇ ಹೋಗಿ. ಅದೇ ಬ್ಯಾಂಕಿನ ಬೇರೆ ಶಾಖೆಯಲ್ಲಿ ಕೇಳಿದರೆ ಹೆಚ್ಚಿನ ಸಲ ಮೂಲ ಶಾಖೆಯ ದಾರಿ ತೋರಿಸುತ್ತಾರೆ.

ಡಿಡಿಯೇ ಕಳೆದಿದ್ದರೆ, ಬ್ಯಾಂಕೇ ಇಲ್ಲವಾಗಿದ್ದರೆ

ಅಸಲಿ ಡಿಡಿ ಕಳೆದಿದ್ದರೆ ನಷ್ಟಭರ್ತಿ ಪತ್ರ ಬರೆದುಕೊಡಬೇಕು. ಮುಂದೆ ಯಾರಾದರೂ ಆ ಡಿಡಿ ತಂದರೆ ಹೊಣೆ ನನ್ನದು ಎಂಬ ಮುಚ್ಚಳಿಕೆ ಅದು. 5,000 ರೂಪಾಯಿವರೆಗಿನ ಡಿಡಿಗಳಿಗೆ ಹಣ ಪಾವತಿಸಬೇಕಿದ್ದ ಶಾಖೆಯಿಂದ "ಪಾವತಿಯಾಗಿಲ್ಲ" ಎಂಬ ವರದಿಗೆ ಕಾಯದೆ ನಕಲು ಡಿಡಿ ಕೊಡಬೇಕೆಂದೂ, ಯಾವುದೇ ನಕಲು ಡಿಡಿಯನ್ನು ಅರ್ಜಿ ಬಂದ ಹದಿನೈದು ದಿನದೊಳಗೆ ಕೊಡಬೇಕೆಂದೂ ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ತಡವಾದರೆ ಆ ಅವಧಿಗೆ ಠೇವಣಿ ದರದ ಬಡ್ಡಿ ಕೇಳಬಹುದು.

ನಮ್ಮ ಕಡೆ ಹಳೆಯ ಕಡತಗಳಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಸಿಂಡಿಕೇಟ್, ವಿಜಯಾ ಬ್ಯಾಂಕುಗಳ ಡಿಡಿಗಳು ಈಗಲೂ ಸಿಗುತ್ತವೆ. ಮೊದಲನೆಯದು 2017ರಲ್ಲಿ ಎಸ್‌ಬಿಐಗೆ, ಸಿಂಡಿಕೇಟ್ 2020ರಲ್ಲಿ ಕೆನರಾಗೆ, ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ ಸೇರಿದವು. ಅರ್ಜಿ ಕೊಡಬೇಕಾದದ್ದು ಈಗಿನ ಬ್ಯಾಂಕಿಗೆ. ಹತ್ತು ವರ್ಷ ಯಾರೂ ಕೇಳದ ಡಿಡಿ ಹಣವನ್ನು ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ವರ್ಗಾಯಿಸುತ್ತಾರೆ. ಆಗಲೂ ಕೇಳಬೇಕಾದದ್ದು ನಿಮ್ಮ ಬ್ಯಾಂಕನ್ನೇ. ಅದು ನಿಮಗೆ ಕೊಟ್ಟು ನಿಧಿಯಿಂದ ತಾನು ಪಡೆದುಕೊಳ್ಳುತ್ತದೆ.

ಕಂಪ್ಯೂಟರಿನಲ್ಲಿ "ಪಾವತಿಯಾಗಿದೆ" ಎಂದು ತೋರಿಸಿದರೆ ವಾದಕ್ಕೆ ಇಳಿಯಬೇಡಿ. ಪಾವತಿಯಾದ ಡಿಡಿಯ ಚಿತ್ರ, ಯಾವ ಬ್ಯಾಂಕಿನ ಮೂಲಕ ಯಾವ ದಿನ ಎಂಬ ವಿವರವನ್ನು ಬರವಣಿಗೆಯಲ್ಲಿ ಕೇಳಿ. ಎಲ್ಲ ಕಾಗದ ಕೊಟ್ಟ ಮೇಲೂ ಶಾಖೆ ಓಡಾಡಿಸುತ್ತಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅಲ್ಲಿ ಮೊದಲು ಕೇಳುವುದು ಬ್ಯಾಂಕಿಗೆ ದೂರು ಕೊಟ್ಟಿದ್ದೀರಾ, ಯಾವತ್ತು ಎಂಬುದನ್ನು. ಸೀಲು ಬಿದ್ದ ಆ ಎರಡನೇ ಪ್ರತಿ ಆಗ ಹೊರಗೆ ಬರುತ್ತದೆ.