ಇಂಚು ಜಾಸ್ತಿ ಆಯ್ತು, ಸೀರಿಯಲ್ ಯಾಕೆ ಸಣ್ಣದಾಯ್ತು?

ಕೊಪ್ಪಳದಲ್ಲಿ ನನ್ನದೊಂದು ಮೊಬೈಲ್ ಅಂಗಡಿ. ಮಾರಾಟವೂ ಇದೆ, ರಿಪೇರಿಯೂ ಇದೆ. ಕೌಂಟರ್ ಮೇಲೆ ಸ್ಕ್ರೂಡ್ರೈವರ್ ಪಕ್ಕ ಯಾವಾಗಲೂ ಒಂದು ಸ್ಟೀಲ್ ಸ್ಕೇಲ್ ಬಿದ್ದಿರುತ್ತದೆ. ಅದಕ್ಕೆ ಕಾರಣ ಒಬ್ಬ ರಿಟೈರ್ಡ್ ಮೇಷ್ಟ್ರು.

ಅವರು ಹಳೇ 5.5 ಇಂಚಿನ ಫೋನ್ ಬಿಟ್ಟು ನನ್ನ ಹತ್ತಿರ 6.5 ಇಂಚಿನದು ತಗೊಂಡಿದ್ದರು. ಸ್ವಲ್ಪ ದಿನ ಆದ ಮೇಲೆ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬಂದರು. "ಏನ್ರೀ, ದೊಡ್ಡ ಫೋನ್ ಅಂತ ಕೊಟ್ರಿ. ಸೀರಿಯಲ್ ಹಚ್ಚಿದ್ರ ಮೊದ್ಲಿಗಿಂತ ಸಣ್ಣ ಕಾಣ್ತೈತಿ!" ಅಂದರು. "ಹಂಗ ಹೆಂಗ ಆಗ್ತೈತ್ರಿ ಸರ?" ಅಂತ ನಾನು ನಕ್ಕೆ. ಅವರು ನಗಲಿಲ್ಲ. ಎರಡೂ ಫೋನ್ ಅಡ್ಡ ಇಟ್ಟು, ಒಂದೇ ಸೀರಿಯಲ್ ಹಚ್ಚಿ, ಸ್ಕೇಲ್ ಹಿಡಿದು ಅಳೆದೆವು. ಮೇಷ್ಟ್ರು ಹೇಳಿದ್ದು ಸರಿಯಾಗೇ ಇತ್ತು.

ಫೋನಿಗೆ ಹೇಳುವ ಇಂಚು ಒಂದು ಮೂಲೆಯಿಂದ ಎದುರು ಮೂಲೆಗೆ ಹಿಡಿದ ಅಳತೆ. ಸ್ಕ್ರೀನ್ ಉದ್ದ ಮಾಡುತ್ತಾ ಹೋದರೆ ಆ ಅಳತೆ ಬೆಳೆಯುತ್ತದೆ, ಅಗಲ ಹಾಗೇ ಇದ್ದರೂ. ಹಳೇ ಫೋನಿನ ಆಕಾರ 16:9, ಅಂದರೆ ಉದ್ದ 16 ಪಾಲಾದರೆ ಅಗಲ 9 ಪಾಲು. ಹೊಸದರದ್ದು 20:9. ಹಳೇ ಫೋನಿನ ಸ್ಕ್ರೀನ್ ಸುಮಾರು 122 ಮಿ.ಮೀ. ಉದ್ದ, 68.5 ಮಿ.ಮೀ. ಅಗಲ. ಹೊಸದು ಸುಮಾರು 151 ಉದ್ದ, ಅಗಲ ಮಾತ್ರ 68ರ ಹತ್ತಿರ. ಅಂದರೆ ಒಂದಿಂಚು ಜಾಸ್ತಿ ಇರುವ ಫೋನು ಅಗಲದಲ್ಲಿ ಕೂದಲೆಳೆಯಷ್ಟು ಕಮ್ಮಿಯೇ. ಬೆಳೆದದ್ದೆಲ್ಲ ಉದ್ದಕ್ಕೆ.

ಸೀರಿಯಲ್, ನ್ಯೂಸು, ಯೂಟ್ಯೂಬಿನ ಬಹಳಷ್ಟು ವಿಡಿಯೊ ಎಲ್ಲ 16:9 ಆಕಾರದವು. ಫೋನ್ ಅಡ್ಡ ಹಿಡಿದರೆ ಚಿತ್ರದ ಎತ್ತರ ಆ 68 ಮಿ.ಮೀ. ದಾಟುವ ಹಾಗಿಲ್ಲ. ಎತ್ತರ ಅಷ್ಟೇ ಆದರೆ ಅಗಲ 120 ಮಿ.ಮೀ.ಗೆ ನಿಲ್ಲುತ್ತದೆ. ಉಳಿದ 30 ಮಿ.ಮೀ. ಎಡಕ್ಕೆ 15, ಬಲಕ್ಕೆ 15 ಕಪ್ಪು ಪಟ್ಟಿ. ಹಳೇ ಫೋನಿನಲ್ಲಿ ಅದೇ ಸೀರಿಯಲ್ 122 ಮಿ.ಮೀ. ಅಗಲ ತುಂಬಿಕೊಂಡು ಬರುತ್ತಿತ್ತು. ವ್ಯತ್ಯಾಸ ಒಂದೆರಡು ಮಿ.ಮೀ. ಅಷ್ಟೇ. ಆದರೆ ಎರಡೂ ಕಡೆ ಕಪ್ಪು ಬಂದಾಗ ಕಣ್ಣಿಗೆ ಇನ್ನೂ ಚಿಕ್ಕದಾಗಿ ಕಾಣುತ್ತದೆ. ಅವರ ಹೊಸ ಫೋನು ಎಲ್‌ಸಿಡಿ ಬೇರೆ. ಅದರ ಹಿಂದೆ ಬೆಳಕು ಸದಾ ಉರಿಯುತ್ತಿರುತ್ತದೆ, ಹಾಗಾಗಿ ರಾತ್ರಿ ಲೈಟ್ ಆರಿಸಿ ನೋಡಿದರೆ ಆ ಪಟ್ಟಿಗಳು ಬೂದು ಬಣ್ಣಕ್ಕೆ ಮಿನುಗುತ್ತವೆ. ಓಎಲ್‌ಇಡಿಯಲ್ಲಿ ಕಪ್ಪು ಅಂದರೆ ಆ ಚುಕ್ಕೆ ಆರಿಯೇ ಬಿಟ್ಟಿರುತ್ತದೆ, ಪಟ್ಟಿ ಅಂಚಿನ ಜೊತೆ ಸೇರಿಹೋಗುತ್ತದೆ.

"ಹಂಗಾರ ಬಾಕ್ಸ್ ಮ್ಯಾಲ ಸ್ಕ್ರೀನ್ ಇಷ್ಟು ಪರ್ಸೆಂಟ್ ಅಂತ ಬರದಾರಲ್ರೀ?" ಅಂತ ಮೇಷ್ಟ್ರು ಕೇಳಿದರು. ಗಣಿತದ ಮೇಷ್ಟ್ರು, ಬಿಡುವವರಲ್ಲ. ಆ ಲೆಕ್ಕವನ್ನೂ ಅಲ್ಲೇ ಬಿಲ್ ಪುಸ್ತಕದ ಹಿಂದೆ ಹಾಕಿದೆವು. ಹೊಸ ಫೋನಿನ ಮೈ 164 ಉದ್ದ, 76 ಅಗಲ. ಸ್ಕ್ರೀನಿನ ವಿಸ್ತೀರ್ಣವನ್ನು ಮೈ ವಿಸ್ತೀರ್ಣದಿಂದ ಭಾಗಿಸಿದರೆ 82 ಪರ್ಸೆಂಟ್ ಬಂತು. ಹಳೇದರ ಮೈ 151 ಉದ್ದ, ಅಗಲ ಅದೇ 76. ಮೇಲೆ ಕೆಳಗೆ ದಪ್ಪ ಪಟ್ಟಿ, ಕೆಳಗೊಂದು ಬಟನ್. ಅದಕ್ಕೆ ಬಂದದ್ದು 73. ಕಾಗದದ ಮೇಲೆ ಹೊಸದೇ ಗೆದ್ದಿತು.

ಆಮೇಲೆ ಮೇಷ್ಟ್ರು ಒಂದು ಕೆಲಸ ಮಾಡಿದರು. ಸ್ಕ್ರೀನ್ ಬಿಟ್ಟು, ಸೀರಿಯಲ್ ಚಿತ್ರದ ವಿಸ್ತೀರ್ಣವನ್ನೇ ಮೈಗೆ ಭಾಗಿಸಿದರು. ಹಳೇ ಫೋನಿಗೆ ಅದೇ 73 ಬಂತು, ಯಾಕೆಂದರೆ ಅಲ್ಲಿ ಚಿತ್ರ ಸ್ಕ್ರೀನನ್ನು ಪೂರ್ತಿ ತುಂಬುತ್ತದೆ. ಹೊಸದಕ್ಕೆ 65! ಅಂಚು ಸಣ್ಣ, ನೋಡೋಕೆ ಚೆಂದ, ಆದರೆ ಸೀರಿಯಲ್ ನೋಡುವವರಿಗೆ ಹಳೇ ದಪ್ಪ ಅಂಚಿನ ಫೋನೇ ಜಾಗ ಚೆನ್ನಾಗಿ ಬಳಸುತ್ತಿತ್ತು. ಅಂಚಿನ ಕಪ್ಪು ಹೋಗಿ ವಿಡಿಯೊ ಪಕ್ಕದ ಕಪ್ಪು ಬಂತು, ಅಷ್ಟೇ.

ಸಿನಿಮಾಕ್ಕೆ ಬಂದರೆ ಲೆಕ್ಕ ಉಲ್ಟಾ. ಥಿಯೇಟರಿಗೆ ಅಂತ ಸ್ಕೋಪಿನಲ್ಲಿ ತೆಗೆದ ಚಿತ್ರಗಳ ಅಗಲ, ಎತ್ತರದ 2.39 ಪಟ್ಟು ಇರುತ್ತದೆ. 20:9 ಅಂದರೆ 2.22 ಪಟ್ಟು, ಎರಡೂ ಹತ್ತಿರ ಹತ್ತಿರ. ಅಂಥ ಸಿನಿಮಾ ಹೊಸ ಫೋನಿನಲ್ಲಿ 151 ಮಿ.ಮೀ. ಅಗಲ, 63 ಎತ್ತರಕ್ಕೆ ಬರುತ್ತದೆ. ಮೇಲೆ ಕೆಳಗೆ ಎರಡೂವರೆ ಮಿ.ಮೀ. ಗೆರೆ ಮಾತ್ರ ಕಪ್ಪು. ಹಳೇದರಲ್ಲಿ 122 ಅಗಲಕ್ಕೆ ಎತ್ತರ ಬರೀ 51. ಚಿತ್ರದ ವಿಸ್ತೀರ್ಣ ನೋಡಿದರೆ ಹೊಸದರಲ್ಲಿ ಹೆಚ್ಚುಕಮ್ಮಿ ಒಂದೂವರೆ ಪಟ್ಟು. ಅದೇ ಹಳೇ ಕಪ್ಪು-ಬಿಳುಪು ಸಿನಿಮಾ ಇದೆಯಲ್ಲ, 4:3 ಆಕಾರದ್ದು, ಅದು ಎರಡೂ ಫೋನಿನಲ್ಲಿ 90 ಮಿ.ಮೀ. ಆಸುಪಾಸಿನ ಅಗಲಕ್ಕೇ ನಿಲ್ಲುತ್ತದೆ.

ಇಲ್ಲಿ ಒಂದು ಕಿರಿಕಿರಿ ಇದೆ, ಅಂಗಡಿಗೆ ಬರುವವರು ಜಾಸ್ತಿ ಕೇಳುವುದೂ ಇದನ್ನೇ. ಸ್ಕೋಪ್ ಸಿನಿಮಾ ಹಚ್ಚಿದರೂ ನಾಲ್ಕೂ ಕಡೆ ಕಪ್ಪು ಬಂದು ಚಿತ್ರ ನಡುವೆ ಪೋಸ್ಟ್‌ಕಾರ್ಡಿನ ಹಾಗೆ ನಿಲ್ಲುತ್ತದೆ. ಫೋನಿನ ತಪ್ಪಲ್ಲ ಅದು. ಅಪ್‌ಲೋಡ್ ಮಾಡುವಾಗ ಸಿನಿಮಾವನ್ನು 16:9 ಚೌಕಟ್ಟಿಗೆ ಕೂರಿಸಿ, ಮೇಲೆ ಕೆಳಗಿನ ಕಪ್ಪನ್ನೂ ವಿಡಿಯೊದ ಒಳಗೇ ಸೇರಿಸಿಬಿಟ್ಟಿರುತ್ತಾರೆ. ಫೋನಿಗೆ ಆ ಕಪ್ಪೂ ಚಿತ್ರವೇ. ಹಾಗಾಗಿ ಎಡಬಲಕ್ಕೆ ಇನ್ನೆರಡು ಪಟ್ಟಿ ಹಾಕುತ್ತದೆ. ಆಗ ಎರಡು ಬೆರಳಿನಿಂದ ಹಿಗ್ಗಿಸಿದರೆ ಸ್ಕ್ರೀನ್ ತುಂಬುತ್ತದೆ, ಕತ್ತರಿಸಿ ಹೋಗುವುದು ಆ ಕಪ್ಪು ಮಾತ್ರ. ಸಿನಿಮಾದ ಒಂದು ಗೆರೆಯೂ ಹೋಗುವುದಿಲ್ಲ. ಕೆಳಗಿನ ಕಪ್ಪಿನ ಮೇಲೆ ಅಕ್ಷರ ಅಚ್ಚಾಗಿದ್ದರೆ ಮಾತ್ರ ಅದು ಹೋಗುತ್ತದೆ. ಬೇರೆ ಭಾಷೆಯ ಚಿತ್ರ ನೋಡುವಾಗ ಇದು ತೊಂದರೆಯೇ.

ಎಡ ಬಲ ಮಾತ್ರ ಕಪ್ಪಿದ್ದರೆ ಹಿಗ್ಗಿಸಬೇಡಿ. ಅದು ನಿಜವಾದ 16:9 ಚಿತ್ರ. ಹಿಗ್ಗಿಸಿದರೆ ಐದರಲ್ಲಿ ಒಂದು ಪಾಲು ಎತ್ತರ ಹೋಗುತ್ತದೆ. ಕ್ರಿಕೆಟ್ಟಿನಲ್ಲಿ ಸ್ಕೋರೇ ಕಾಣುವುದಿಲ್ಲ, ನ್ಯೂಸಿನಲ್ಲಿ ಕೆಳಗೆ ಓಡುವ ಸಾಲು ಮಾಯ. ನಾಲ್ಕು ಕಡೆ ಕಪ್ಪಾದರೆ ಹಿಗ್ಗಿಸಿ, ಎರಡೇ ಕಡೆಯಾದರೆ ಸುಮ್ನೆ ಬಿಡಿ ಅಂತ ನಾನು ಹೇಳುತ್ತೇನೆ.

ಇನ್ನು ಓದುವುದು. ಮೇಷ್ಟ್ರಿಗೆ ಪೆನ್ಶನ್ ಸುತ್ತೋಲೆಗಳು ವಾಟ್ಸಾಪಿನಲ್ಲಿ ಪಿಡಿಎಫ್ ಆಗಿ ಬರುತ್ತವೆ, ಎಲ್ಲ ಎ4 ಹಾಳೆ. ವೆಬ್‌ಸೈಟಿನ ಬರಹ ಆದರೆ ಅಕ್ಷರ ದೊಡ್ಡದು ಮಾಡಿದಾಗ ಸಾಲು ತಾನೇ ಮುರಿದು ಕೆಳಗೆ ಹೋಗುತ್ತದೆ. ಅಲ್ಲಿ ಉದ್ದ ಸ್ಕ್ರೀನ್ ಒಳ್ಳೆಯದೇ, ನಾಲ್ಕೈದು ಸಾಲು ಜಾಸ್ತಿ ಸಿಗುತ್ತದೆ. ಆದರೆ ಅಗಲ ಬೆಳೆದಿಲ್ಲವಲ್ಲ, ಅಕ್ಷರ ದೊಡ್ಡದಾದಷ್ಟೂ ಸಾಲಿಗೆ ಮೂರೇ ಪದ. ನಮ್ಮ ಭಾಷೆಯಲ್ಲಿ 'ಮಾಡಬೇಕಾಗಿರುವುದರಿಂದ' ಅನ್ನುವಂಥ ಒಂದು ಪದ ಬಂದರೆ ಅರ್ಧ ಸಾಲು ಖಾಲಿ ಬಿಟ್ಟು ಕೆಳಗೆ ಜಿಗಿಯುತ್ತದೆ.

ಪಿಡಿಎಫ್ ಹಾಗಲ್ಲ. ಹಾಳೆ ಅಚ್ಚಾದ ಹಾಗೆಯೇ ಇರುತ್ತದೆ, ಸಾಲು ಮುರಿಯುವುದಿಲ್ಲ. 210 ಮಿ.ಮೀ. ಅಗಲದ ಎ4 ಹಾಳೆ 68 ಮಿ.ಮೀ.ಗೆ ಇಳಿಯಬೇಕು, ಅಂದರೆ ಮೂರನೇ ಒಂದು ಪಾಲಿಗೂ ಕಮ್ಮಿ. 12 ಪಾಯಿಂಟಿನ ಅಕ್ಷರ 4 ಪಾಯಿಂಟಿನಷ್ಟು ಆಗುತ್ತದೆ. ಒತ್ತಕ್ಷರ ಇರುವ ಕಡೆ ಇರುವೆ ಸಾಲು. ಹಾಳೆಯ ಎತ್ತರ ಅಲ್ಲಿ 96 ಮಿ.ಮೀ. ಮಾತ್ರ, ಸ್ಕ್ರೀನಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಖಾಲಿ ಬಿದ್ದಿರುತ್ತದೆ. ದುಡ್ಡು ಕೊಟ್ಟು ತಗೊಂಡ ಆ ಒಂದಿಂಚು ಇಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ, ಅಲ್ವಾ.

ನಾವು ಮಾಡಿದ್ದು ಇಷ್ಟು. ಫೋನ್ ಅಡ್ಡ ಹಿಡಿದೆವು. ಈಗ ಹಾಳೆಗೆ 151 ಮಿ.ಮೀ. ಸಿಕ್ಕಿತು, ಅಕ್ಷರ ಎಂಟೂವರೆ ಪಾಯಿಂಟಿಗೆ ಬಂತು. ಆಮೇಲೆ ಪಿಡಿಎಫ್ ಓದುವ ಆ್ಯಪಿನಲ್ಲಿ ಹಾಳೆಯ ಸುತ್ತಲಿನ ಬಿಳಿ ಅಂಚನ್ನು ಕ್ರಾಪ್ ಮಾಡಿದೆವು. ಎಲ್ಲ ಆ್ಯಪಿನಲ್ಲಿ ಈ ಸೌಲಭ್ಯ ಇರುವುದಿಲ್ಲ, ಇರುವುದನ್ನೇ ಹುಡುಕಿ ಹಾಕಿಕೊಳ್ಳಬೇಕು. ಎರಡೂ ಕಡೆ 25 ಮಿ.ಮೀ. ಬಿಳಿ ತೆಗೆದರೆ ಬರಹದ ಅಗಲ 160 ಉಳಿಯುತ್ತದೆ. ಅದು 151ರಲ್ಲಿ ಕೂತರೆ ಅಕ್ಷರ 11 ಪಾಯಿಂಟ್ ದಾಟುತ್ತದೆ, ಹೆಚ್ಚುಕಮ್ಮಿ ಅಚ್ಚಿನಷ್ಟೇ. ಒಂದು ಸಲಕ್ಕೆ ಹತ್ತು ಹನ್ನೊಂದು ಸಾಲು ಕಾಣುತ್ತದೆ, ಬೆರಳಿನಿಂದ ಸರಿಸುತ್ತಾ ಹೋಗಬೇಕು. ಸುತ್ತೋಲೆಗೆ ನಡೆಯುತ್ತದೆ. ಎರಡು ಕಾಲಂ ಇರುವ ಪತ್ರಿಕೆಗೆ ನಡೆಯುವುದಿಲ್ಲ, ಕೆಳಗೆ ಹೋಗಿ ಮತ್ತೆ ಮೇಲೆ ಬರುವುದೇ ಆಗುತ್ತದೆ. ದಿನಾ ಅಂಥದ್ದನ್ನೇ ಓದುವವರಿಗೆ 4:3 ಅಥವಾ 16:10 ಆಕಾರದ ಟ್ಯಾಬ್ ತೋರಿಸುತ್ತೇನೆ.

ಈಗ ಯಾರಾದರೂ ಇಂಚು ಕೇಳಿದರೆ ನಾನು ಅಗಲ ಹೇಳುತ್ತೇನೆ. 20:9 ಆದರೆ ಇಂಚನ್ನು 10.4ರಿಂದ ಗುಣಿಸಿ, 16:9 ಆದರೆ 12.45ರಿಂದ. ಬರುವುದು ಮಿ.ಮೀ.ನಲ್ಲಿ ಸ್ಕ್ರೀನಿನ ಅಗಲ. 6.5ರಿಂದ 6.7ಕ್ಕೆ ಹೋದರೆ ಸಿಗುವುದು ಎರಡು ಮಿ.ಮೀ. ಅಷ್ಟೇ. ಅದಕ್ಕೆ ಎಷ್ಟು ದುಡ್ಡು ಕೊಡಬೇಕು ಅಂತ ಅವರೇ ಯೋಚಿಸಲಿ.

ಇನ್ನು ಚಿನ್, ಅಂದರೆ ಸ್ಕ್ರೀನಿನ ಕೆಳಗಿನ ದಪ್ಪ ಅಂಚು, ಅದರ ಬಗ್ಗೆ ಹೇಳಬೇಕು. ಮೇಷ್ಟ್ರ ಹೊಸ ಫೋನಿಗೆ ಮೇಲೆ 5 ಮಿ.ಮೀ. ಅಂಚು, ಕೆಳಗೆ 8. ಡಿಸ್ಪ್ಲೇ ನಡೆಸುವ ಚಿಪ್ಪೂ ರಿಬ್ಬನ್ನೂ ಕೆಳಗೇ ಇರುವುದರಿಂದ ಈ ದಪ್ಪ. ಚಿಪ್ಪನ್ನು ಗಾಜಿನ ಮೇಲೇ ಕೂರಿಸಿದರೆ ಗಾಜಿಗೆ ಅಷ್ಟು ಜಾಗ ಬೇಕೇ ಬೇಕು. ರಿಬ್ಬನ್ ಮೇಲೆ ಕೂರಿಸಿ ಹಿಂದಕ್ಕೆ ಮಡಿಸಿದರೆ ಚಿನ್ ಸಣ್ಣದಾಗುತ್ತದೆ. ಬಾಗುವ ಓಎಲ್‌ಇಡಿಯಲ್ಲಿ ಪ್ಯಾನೆಲ್ಲಿನ ತುದಿಯನ್ನೇ ಹಿಂದಕ್ಕೆ ಮಡಿಸುತ್ತಾರೆ, ಅದಕ್ಕೇ ದುಬಾರಿ ಫೋನುಗಳಲ್ಲಿ ಸುತ್ತಲೂ ಒಂದೇ ಅಂಚು. ನನ್ನನ್ನು ಕೇಳಿದರೆ ಚಿನ್ ಕೆಟ್ಟದ್ದೇನಲ್ಲ. ಸಿನಿಮಾ ನೋಡುವಾಗ ಅಡ್ಡ ಹಿಡಿದರೆ ಹೆಬ್ಬೆರಳು ಅಲ್ಲೇ ಕೂರುತ್ತದೆ, ಸ್ಕ್ರೀನ್ ಮುಟ್ಟಿ ವಿಡಿಯೊ ಹಿಂದೆ ಮುಂದೆ ಓಡುವುದಿಲ್ಲ. ಗಂಗಾವತಿ ಬಸ್ಸಿನಲ್ಲಿ ಕೂತು ನೋಡಿದವರಿಗೆ ಗೊತ್ತಾಗುತ್ತದೆ.

ರಿಪೇರಿಯಲ್ಲಿ ಮಾತ್ರ ಚಿನ್ ಮೇಲೆ ಕಣ್ಣಿರಬೇಕು. ಓಎಲ್‌ಇಡಿ ಒಡೆದಾಗ ಕಮ್ಮಿ ರೇಟಿಗೆ ಸಿಗುವ ಕಾಂಬೋ, ಅಂದರೆ ಗಾಜು ಡಿಸ್ಪ್ಲೇ ಸೇರಿಸಿದ ಸೆಟ್, ಬಹಳ ಸಲ ಎಲ್‌ಸಿಡಿ ಆಗಿರುತ್ತದೆ. ಅದು ಹಿಂದಕ್ಕೆ ಮಡಿಯುವುದಿಲ್ಲ, ಅದೇ ಚೌಕಟ್ಟಿನಲ್ಲಿ ಕೂರಬೇಕಾದರೆ ಚಿತ್ರದ ಜಾಗ ಸ್ವಲ್ಪ ಕುಗ್ಗಿ ಚಿನ್ ದಪ್ಪ ಆಗುತ್ತದೆ. ನಾನು ಹಾಕುವಾಗ ಮೊದಲೇ ಹೇಳಿ ಹಾಕುತ್ತೇನೆ. ನೀವು ಎಲ್ಲೇ ಡಿಸ್ಪ್ಲೇ ಹಾಕಿಸಿ, ಕೊಡುವ ಮುಂಚೆ ಚಿನ್ ಮೇಲೆ ಸ್ಕೇಲ್ ಇಟ್ಟು ಒಂದು ಫೋಟೊ ತೆಗೆದುಕೊಳ್ಳಿ. ವಾಪಸ್ ತಗೊಳ್ಳುವಾಗ ಮತ್ತೆ ಅಳೆಯಿರಿ. ಚಿನ್ ದಪ್ಪ ಆಗಿದ್ದರೆ ಒಂದು ಪೂರ್ತಿ ಕಪ್ಪು ಫೋಟೊ ತೆರೆದು ಕತ್ತಲಲ್ಲಿ ಹಿಡಿಯಿರಿ. ಸ್ಕ್ರೀನ್ ಬೂದಾಗಿ ಬೆಳಗಿದರೆ ಹಾಕಿರುವುದು ಎಲ್‌ಸಿಡಿ. ಓಎಲ್‌ಇಡಿ ರೇಟ್ ಕೊಡಬೇಡಿ.