ಹಳೆಯ ಕಾರಿಗೆ ಸಾಲ: ಬಡ್ಡಿಗಿಂತ ಮೊದಲು ಕಾರಿನ ವಯಸ್ಸು ನೋಡಿ

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟವರು ಬ್ಯಾಂಕಿನಲ್ಲಿ ಮೊದಲು ಕೇಳುವ ಪ್ರಶ್ನೆ ಬಡ್ಡಿ ಎಷ್ಟು ಎಂಬುದು. ಸಾಲ ಕೊಡುವವರು ಮೊದಲು ನೋಡುವುದು ಕಾರು ಯಾವ ವರ್ಷದ್ದು ಎಂಬುದನ್ನು. ತಿಂಗಳ ಕಂತಿನ ಮೇಲೆ ಬಡ್ಡಿದರಕ್ಕಿಂತ ಹೆಚ್ಚಿನ ಪರಿಣಾಮ ಬೀರುವುದೂ ಆ ವರ್ಷವೇ ಆದ್ದರಿಂದ, ಲೆಕ್ಕವನ್ನು ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಹೊಸ ಕಾರಿಗೆ ಸಾಮಾನ್ಯವಾಗಿ ಏಳು ವರ್ಷದವರೆಗೆ ಅವಧಿ ಸಿಗುತ್ತದೆ. ಹಳೆಯ ಕಾರಿಗೆ ಹೆಚ್ಚಿನ ಕಡೆ ಐದು ವರ್ಷದವರೆಗೆ, ಅದೂ ಒಂದು ಷರತ್ತಿನ ಮೇಲೆ: ಸಾಲ ತೀರುವ ಹೊತ್ತಿಗೆ ಕಾರಿನ ವಯಸ್ಸು ನಿಗದಿತ ಮಿತಿಯನ್ನು ದಾಟಿರಬಾರದು. ಅನೇಕ ಬ್ಯಾಂಕುಗಳಲ್ಲಿ ಈ ಮಿತಿ ಎಂಟರಿಂದ ಹತ್ತು ವರ್ಷ. ಕೆಲವು ಹಣಕಾಸು ಕಂಪನಿಗಳು ಇನ್ನೂ ಹಳೆಯ ಕಾರಿಗೂ ಸಾಲ ಕೊಡುತ್ತವೆ, ಆದರೆ ಅಲ್ಲಿ ಬಡ್ಡಿ ಹೆಚ್ಚು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಸಾಲಗಾರ ಕಂತು ಕಟ್ಟದೆ ಹೋದರೆ ಕಾರನ್ನು ಮಾರಿ ಹಣ ವಸೂಲು ಮಾಡಬೇಕಾದವರು ಆ ಗಡುವಿಗೆ ಬಹಳ ಮುಂಚೆಯೇ ತಮ್ಮ ಹಣ ವಾಪಸ್ ಬರಬೇಕೆಂದು ಬಯಸುವುದು ಸಹಜ.

ವಯಸ್ಸನ್ನು ಎಲ್ಲಿಂದ ಎಣಿಸುತ್ತಾರೆ ಎಂಬುದನ್ನೂ ಕೇಳಿಕೊಳ್ಳಿ. ಆರ್‌ಸಿಯಲ್ಲಿ ನೋಂದಣಿ ದಿನಾಂಕದ ಜೊತೆಗೆ ತಯಾರಾದ ತಿಂಗಳು ಮತ್ತು ವರ್ಷವೂ ಇರುತ್ತದೆ. 2019ರ ಡಿಸೆಂಬರ್‌ನಲ್ಲಿ ತಯಾರಾಗಿ 2020ರ ಫೆಬ್ರುವರಿಯಲ್ಲಿ ನೋಂದಣಿಯಾದ ಕಾರನ್ನು ಮಾರುವವರು 2020ರ ಕಾರು ಎಂದೇ ಹೇಳುತ್ತಾರೆ. ತಯಾರಾದ ವರ್ಷವನ್ನು ಹಿಡಿಯುವ ಬ್ಯಾಂಕಿಗೆ ಅದು 2019ರದು, ಅವಧಿಯಲ್ಲಿ ಒಂದು ವರ್ಷ ಅಲ್ಲೇ ಕಡಿಮೆಯಾಗಬಹುದು. ಆದ್ದರಿಂದ ಮುಂಗಡ ಕೊಡುವ ಮೊದಲೇ ಆರ್‌ಸಿಯ ಪ್ರತಿಯನ್ನು ಬ್ಯಾಂಕಿಗೆ ತೋರಿಸಿ, ಎಷ್ಟು ತಿಂಗಳ ಅವಧಿ ಸಿಗುತ್ತದೆ ಎಂದು ಖಚಿತಪಡಿಸಿಕೊಳ್ಳಬೇಕು.

ಲೆಕ್ಕ ಹಾಕಿ ನೋಡೋಣ

ಹಾಸನದಲ್ಲಿ ಕೆಲಸ ಮಾಡುವ, ಕೈಗೆ ತಿಂಗಳಿಗೆ 32,000 ರೂಪಾಯಿ ಸಂಬಳ ಬರುವ ಒಬ್ಬ ಶಿಕ್ಷಕರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅವರು ಆರು ವರ್ಷ ಹಳೆಯ ಕೆಎ-13 ನೋಂದಣಿಯ ಕಾರನ್ನು 4,50,000 ರೂಪಾಯಿಗೆ ಮಾತಾಡಿದ್ದಾರೆ. ಬ್ಯಾಂಕು ಸಾಲ ಕೊಡುವುದು ಈ ಬೆಲೆಯ ಮೇಲಲ್ಲ, ತಾನು ಕಳುಹಿಸುವ ಮೌಲ್ಯಮಾಪಕರು ಕಟ್ಟಿದ ಬೆಲೆಯ ಮೇಲೆ. ಅವರು ಕಾರಿಗೆ 4,20,000 ರೂಪಾಯಿ ಕಟ್ಟಿದರು, ಬ್ಯಾಂಕು ಅದರ ಶೇ 80ರಷ್ಟು ಕೊಡುತ್ತದೆ ಎಂದುಕೊಂಡರೆ ಸಾಲ 3,36,000 ರೂಪಾಯಿ. ಉಳಿದ 1,14,000 ರೂಪಾಯಿ ಕೈಯಿಂದ ಹಾಕಬೇಕು. ಮಾತಾಡಿದ ಬೆಲೆಯ ಐದನೇ ಒಂದು ಭಾಗ, ಅಂದರೆ 90,000 ರೂಪಾಯಿ ಹೊಂದಿಸಿಕೊಂಡರೆ ಸಾಕು ಎಂದು ಭಾವಿಸಿ ಹೋದವರು ಕೊನೆ ಗಳಿಗೆಯಲ್ಲಿ ಕೈಸಾಲಕ್ಕೆ ಓಡಾಡುವುದು ಇದರಿಂದಲೇ. ಪ್ರೊಸೆಸಿಂಗ್ ಶುಲ್ಕ, ಆರ್‌ಸಿ ವರ್ಗಾವಣೆ ಮತ್ತು ವಿಮೆಯ ಖರ್ಚು ಇದಕ್ಕೆ ಹೊರತು.

ವಯಸ್ಸಿನ ಮಿತಿ ಹತ್ತು ವರ್ಷವಾದ್ದರಿಂದ ಅವಧಿ ನಾಲ್ಕು ವರ್ಷ. ವಾರ್ಷಿಕ ಶೇ 13ರ ಬಡ್ಡಿಯಲ್ಲಿ ಕಂತು ತಿಂಗಳಿಗೆ ಸುಮಾರು 9,014 ರೂಪಾಯಿ ಬೀಳುತ್ತದೆ. ಇಷ್ಟೇ ಮೊತ್ತಕ್ಕೆ, ಇಷ್ಟೇ ಅವಧಿಗೆ ಹೊಸ ಕಾರಿನ ಶೇ 9ರ ದರ ಹಾಕಿದರೆ ಕಂತು ಸುಮಾರು 8,361 ರೂಪಾಯಿ. ನಾಲ್ಕು ವರ್ಷಕ್ಕೆ ವ್ಯತ್ಯಾಸ 31,000 ರೂಪಾಯಿಗೆ ತುಸು ಹೆಚ್ಚು. ಇದೇನೂ ಸಣ್ಣ ಮೊತ್ತವಲ್ಲ, ಆದರೆ ಸಾಲ ಸಿಗುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಇದಲ್ಲ. ಇದೇ ಶಿಕ್ಷಕರು ಎಂಟು ವರ್ಷ ಹಳೆಯ ಕಾರನ್ನು ಆರಿಸಿಕೊಂಡು, ಅಷ್ಟೇ ಸಾಲವನ್ನು ಶೇ 13ರಲ್ಲೇ ಪಡೆದರೆ, ಅವಧಿ ಎರಡೇ ವರ್ಷಕ್ಕೆ ಇಳಿದು ಕಂತು ಸುಮಾರು 15,974 ರೂಪಾಯಿಗೆ ಏರುತ್ತದೆ.

ಅರ್ಹತೆ ತೀರ್ಮಾನವಾಗುವುದು ಇಲ್ಲಿಯೇ. ಎಲ್ಲ ಕಂತುಗಳೂ ಸೇರಿ ಕೈಗೆ ಬರುವ ಆದಾಯದ ಅರ್ಧವನ್ನು ಮೀರಬಾರದು ಎಂಬುದು ಸಾಲ ಕೊಡುವವರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಳತೆ; ಕೆಲವರು ಶೇ 40ಕ್ಕೇ ನಿಲ್ಲಿಸುತ್ತಾರೆ. ನಮ್ಮ ಶಿಕ್ಷಕರ ಆದಾಯದ ಅರ್ಧ 16,000 ರೂಪಾಯಿ. ಅವರು ಈಗಾಗಲೇ ಬೇರೊಂದು ಸಾಲಕ್ಕೆ 5,000 ರೂಪಾಯಿ ಕಟ್ಟುತ್ತಿದ್ದರೆ ಉಳಿಯುವುದು 11,000. ಆರು ವರ್ಷದ ಕಾರಿನ ಕಂತು ಅದರಲ್ಲಿ ಹಿಡಿಯುತ್ತದೆ, ಎಂಟು ವರ್ಷದ್ದು ಹಿಡಿಯುವುದಿಲ್ಲ. ಸಂಬಳ ಅದೇ, ಸಿಬಿಲ್ ಅಂಕ ಅದೇ, ಆದರೂ ಒಂದು ಕಾರಿಗೆ ಸಾಲ ಮಂಜೂರಾಗಿ ಇನ್ನೊಂದಕ್ಕೆ ತಿರಸ್ಕೃತವಾಗುವುದಕ್ಕೆ ಕಾರಣ ಇಷ್ಟೇ.

ಸಿಬಿಲ್ ಅಂಕ 750ರ ಮೇಲಿದ್ದರೆ ದರದಲ್ಲಿ ಚೌಕಾಸಿಗೆ ಅವಕಾಶವಿರುತ್ತದೆ. ಕಾಫಿ ಬೆಳೆಗಾರರ ಸ್ಥಿತಿ ಸ್ವಲ್ಪ ಬೇರೆ: ಆದಾಯ ವರ್ಷಕ್ಕೊಮ್ಮೆ ಬರುತ್ತದೆ, ಸಂಬಳದ ಚೀಟಿ ಇರುವುದಿಲ್ಲ. ಅಂಥವರಲ್ಲಿ ಪಹಣಿಯ ಜೊತೆಗೆ ಕಾಫಿ ಮಾರಿದ ಬಿಲ್ಲುಗಳನ್ನೂ ಬ್ಯಾಂಕ್ ಖಾತೆಯ ವಿವರವನ್ನೂ ಕೇಳುತ್ತಾರೆ. ಮಾರಾಟದ ಹಣ ಖಾತೆಗೇ ಬಂದಿದ್ದರೆ ಮಾತ್ರ ಅದು ಆದಾಯವಾಗಿ ಲೆಕ್ಕಕ್ಕೆ ಸಿಗುತ್ತದೆ, ನಗದಾಗಿ ಪಡೆದದ್ದನ್ನು ತೋರಿಸುವುದು ಕಷ್ಟ. ಕಂತನ್ನು ತಿಂಗಳಿಗೆ ಬದಲು ಅರ್ಧವರ್ಷಕ್ಕೊಮ್ಮೆ ಕಟ್ಟುವ ಅವಕಾಶವಿದೆಯೇ ಎಂದು ಅವರು ಕೇಳಿ ನೋಡಬೇಕು.

ಬಡ್ಡಿದರ ಹೇಳುವ ಬಗೆ

ಹೊಸ ಕಾರಿನ ಸಾಲ ಸಾಮಾನ್ಯವಾಗಿ ಶೇ 8.5ರಿಂದ 10ರ ಆಸುಪಾಸಿನಲ್ಲಿ ಸಿಗುವಾಗ ಹಳೆಯದರ ದರ ಶೇ 11ರಿಂದ 16ರವರೆಗೆ ಹೋಗುತ್ತದೆ, ಹಣಕಾಸು ಕಂಪನಿಗಳಲ್ಲಿ ಅದಕ್ಕೂ ಮೇಲೆ. ಹಾಗಿರುವಾಗ ಯಾರಾದರೂ ಹಳೆಯ ಕಾರಿಗೆ ಶೇ 8 ಎಂದರೆ ಅದು ಫ್ಲ್ಯಾಟ್ ದರವೇ ಎಂದು ತಪ್ಪದೆ ಕೇಳಬೇಕು. ಫ್ಲ್ಯಾಟ್ ದರದಲ್ಲಿ ಅಸಲು ಕರಗುತ್ತಾ ಬಂದರೂ ಬಡ್ಡಿಯನ್ನು ಮೊದಲ ದಿನದ ಪೂರ್ತಿ ಮೊತ್ತದ ಮೇಲೆ ಹಾಕುತ್ತಾರೆ. 3,36,000 ರೂಪಾಯಿಗೆ ಶೇ 8ರಂತೆ ನಾಲ್ಕು ವರ್ಷಕ್ಕೆ 1,07,520 ರೂಪಾಯಿ ಬಡ್ಡಿ, ಕಂತು 9,240. ಇದು ಮೇಲೆ ನೋಡಿದ ಶೇ 13ರ ಕಂತಿಗಿಂತ ಹೆಚ್ಚು. ಬಾಕಿ ಅಸಲಿನ ಲೆಕ್ಕದಲ್ಲಿ ಇದರ ನಿಜವಾದ ದರ ಶೇ 14ನ್ನು ದಾಟುತ್ತದೆ.

ಇದನ್ನು ಪತ್ತೆ ಮಾಡಲು ಗಣಿತ ಗೊತ್ತಿರಬೇಕೆಂದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ಸಹಿ ಹಾಕುವ ಮೊದಲು ಮುಖ್ಯ ವಿವರಗಳ ಪತ್ರವೊಂದನ್ನು ಗ್ರಾಹಕರಿಗೆ ಕೊಡಬೇಕು. ಶುಲ್ಕಗಳನ್ನೂ ಸೇರಿಸಿ ಲೆಕ್ಕ ಹಾಕಿದ ವಾರ್ಷಿಕ ದರ, ಅಂದರೆ ಎಪಿಆರ್, ಅದರಲ್ಲಿರುತ್ತದೆ. ಎರಡು ಕಡೆಯ ಸಾಲವನ್ನು ಹೋಲಿಸುವುದಾದರೆ ಆ ಅಂಕಿಯನ್ನೇ ಹೋಲಿಸಿ. ಅವಧಿಗೆ ಮುಂಚೆ ಸಾಲ ತೀರಿಸಿದರೆ ಎಷ್ಟು ಶುಲ್ಕ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ, ಏಕೆಂದರೆ ಕಾರಿನ ಸಾಲಗಳಲ್ಲಿ ಹೆಚ್ಚಿನವು ಸ್ಥಿರ ದರದವು ಮತ್ತು ಈ ಶುಲ್ಕ ಅವುಗಳಲ್ಲಿ ಸಾಮಾನ್ಯ.

ಆರ್‌ಸಿಯ ಕೆಲಸ

ಹಳೆಯ ಮಾಲೀಕರ ಸಾಲ ಇನ್ನೂ ಕಾರಿನ ಮೇಲಿದ್ದರೆ ಆರ್‌ಸಿಯಲ್ಲಿ ಅವರ ಬ್ಯಾಂಕಿನ ಹೆಸರು ಹೈಪೊಥಿಕೇಷನ್ ಎಂದು ಕಾಣುತ್ತದೆ. ಅವರು ಸಾಲ ತೀರಿಸಿ, ಬ್ಯಾಂಕಿನಿಂದ ಎನ್‌ಒಸಿ ಮತ್ತು ಸಹಿಯಾದ ಫಾರಂ 35 ತಂದ ಮೇಲೆಯೇ ಆ ಹೆಸರನ್ನು ತೆಗೆಸಲು ಸಾಧ್ಯ. ಆಮೇಲೆ ಫಾರಂ 29 ಮತ್ತು 30ರಲ್ಲಿ ಮಾಲೀಕತ್ವದ ವರ್ಗಾವಣೆಗೂ, ಫಾರಂ 34ರಲ್ಲಿ ನಿಮ್ಮ ಬ್ಯಾಂಕಿನ ಹೆಸರು ಸೇರಿಸುವುದಕ್ಕೂ ಆರ್‌ಟಿಒಗೆ ಅರ್ಜಿ ಹೋಗುತ್ತದೆ. ಕಾರಿನ ಮೇಲೆ ಬಾಕಿ ಇರುವ ಟ್ರಾಫಿಕ್ ದಂಡ ಈ ಕೆಲಸಕ್ಕೆ ಅಡ್ಡಿಯಾಗಬಹುದಾದ್ದರಿಂದ, ಕಾರಿನ ನಂಬರ್ ಹಾಕಿ ಪರಿವಾಹನ್ ತಾಣದಲ್ಲಿ ಮೊದಲೇ ಪರಿಶೀಲಿಸಿ, ಮಾರುವವರಿಂದಲೇ ಕಟ್ಟಿಸಿಕೊಳ್ಳಬೇಕು. ವಿಮೆಯನ್ನು ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಲು ಕಾರು ಕೈಗೆ ಬಂದ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು.