ಇಳಕಲ್ ಸೀರೆಗೆ ವಾಟ್ಸ್ಆ್ಯಪ್ ಕ್ಯಾಟಲಾಗ್‌ನಲ್ಲಿ ಹೆಸರಿಡುವುದು

ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್‌ನ ಕ್ಯಾಟಲಾಗ್‌ಗೆ 500 ಐಟಂ ಹಾಕಬಹುದು. ಎಂಬತ್ತು–ನೂರು ಸೀರೆ ಸೇರುವ ಹೊತ್ತಿಗೇ ಗಿರಾಕಿಗಳು ಕೊನೆಯವರೆಗೆ ಸ್ಕ್ರೋಲ್ ಮಾಡುವುದನ್ನು ಬಿಡುತ್ತಾರೆ. ಮೇಲಿನ ಭೂತಗನ್ನಡಿ ಒತ್ತಿ ಒಂದು ಪದ ಟೈಪ್ ಮಾಡುತ್ತಾರೆ, ಏನೂ ಬರದಿದ್ದರೆ ‘ಇಲ್ಲ’ ಎಂದುಕೊಂಡು ಹೊರಡುತ್ತಾರೆ. ಸೀರೆ ಕಪಾಟಿನಲ್ಲೇ ಇರುತ್ತದೆ, ಅದರ ಹೆಸರು ಮಾತ್ರ ‘New collection 47’ ಎಂದಿರುತ್ತದೆ. ಆ ಸೀರೆ ಬೇಕೆನ್ನುವ ಯಾರೂ ಆ ಮೂರು ಪದಗಳನ್ನು ಟೈಪ್ ಮಾಡುವುದಿಲ್ಲ.

ಹೆಸರಿಡುವ ಮೊದಲು ನಾನು ಮಾಡುವ ಕೆಲಸ ಗಿರಾಕಿಗಳ ಪದಗಳನ್ನು ಹೆಕ್ಕುವುದು. ಅವು ಹಳೆಯ ಚಾಟ್‌ಗಳಲ್ಲೇ ಬಿದ್ದಿವೆ. ಚಾಟ್ ಪಟ್ಟಿಯ ಮೇಲಿನ ಹುಡುಕು ಪೆಟ್ಟಿಗೆಯಲ್ಲಿ saree, sari, seere, ಸೀರೆ ಎಂದು ಒಂದೊಂದಾಗಿ ಹಾಕಿ, ಬಂದ ಸಂದೇಶಗಳಲ್ಲಿ ಕಂಡ ಪದಗಳನ್ನು ಕಾಗದದ ಮೇಲೆ ಬರೆದು, ಮತ್ತೆ ಬಂದಾಗೆಲ್ಲ ಮುಂದೆ ಒಂದು ಗೆರೆ ಎಳೆಯುತ್ತೇನೆ. ಐವತ್ತು ಸಂದೇಶ ನೋಡಿದರೆ ಸಾಕು, ಚಿತ್ರ ಸ್ಪಷ್ಟವಾಗುತ್ತದೆ. ಇಳಕಲ್ ಸೀರೆಯ ವಿಷಯದಲ್ಲಿ ಹೆಚ್ಚಿನವರು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ: Ilkal ಎಂದೋ Ilakal ಎಂದೋ. ಮಹಾರಾಷ್ಟ್ರದ ಕಡೆಯವರು Irkal ಎನ್ನುತ್ತಾರೆ. ಕನ್ನಡದಲ್ಲಿ ಬರೆಯುವವರಲ್ಲೂ ಕೆಲವರದು ಇಳಕಲ್, ಕೆಲವರದು ಇಲಕಲ್. ನೇಕಾರರು ‘ಟೋಪ್ ತೆನಿ’ ಎನ್ನುವುದನ್ನು ಬಹಳ ಗಿರಾಕಿಗಳು ‘ಕೆಂಪು ಸೆರಗು’ ಎಂದೇ ಕೇಳುತ್ತಾರೆ. ನಮ್ಮ ಬಾಯಿಯ ಪದ ಬೇರೆ, ಅವರ ಬೆರಳಿನ ಪದ ಬೇರೆ. ಹೆಸರಿನಲ್ಲಿ ಇರಬೇಕಾದದ್ದು ಎರಡನೆಯದು.

ಒಂದು ಸೀರೆಯನ್ನೇ ತೆಗೆದುಕೊಳ್ಳೋಣ. ಗಿಳಿ ಹಸಿರು ಒಡಲು, ಚಿಕ್ಕಿ ಪಾರಸ್ ದಡಿ, ಟೋಪ್ ತೆನಿ ಸೆರಗು, ಹತ್ತಿ ಮತ್ತು ಆರ್ಟ್ ಸಿಲ್ಕ್. ಅದಕ್ಕೆ ನಾನು ಇಡುವ ಹೆಸರು ಹೀಗಿರುತ್ತದೆ:

```
Ilkal saree green ಇಳಕಲ್ ಸೀರೆ ಗಿಳಿ ಹಸಿರು, Chikki Paras, cotton art silk
```

ಮೊದಲ ಮೂರು ಪದಗಳನ್ನು ಬೇಕೆಂದೇ ಅಲ್ಲಿಟ್ಟಿದ್ದೇನೆ. ಪಟ್ಟಿಯಲ್ಲಿ ಹೆಸರಿನ ಆರಂಭ ಮಾತ್ರ ಕಾಣುತ್ತದೆ, ಉಳಿದದ್ದು ಚುಕ್ಕಿಗಳಲ್ಲಿ ಮುಚ್ಚಿಹೋಗುತ್ತದೆ. ಹಾಗಾಗಿ ಯಾವ ವಸ್ತು, ಯಾವ ಬಣ್ಣ ಎಂಬುದು ಅಷ್ಟರಲ್ಲೇ ಮುಗಿಯಬೇಕು. ಆಮೇಲೆ ಕನ್ನಡದಲ್ಲಿ ಅದೇ ಮಾತು. Ilkal ಎಂದು ಬರೆದ ಮಾತ್ರಕ್ಕೆ ‘ಇಳಕಲ್’ ಎಂದು ಹುಡುಕಿದವರಿಗೆ ಸಿಗುತ್ತದೆ ಎಂದು ನಂಬಬೇಡಿ, ಎರಡೂ ಲಿಪಿ ಹೆಸರಿನಲ್ಲಿರಲಿ. ದಡಿಯ ಹೆಸರು ಅದರ ನಂತರ, ಏಕೆಂದರೆ ಅದನ್ನು ಬಲ್ಲವರು ಮಾತ್ರ ಅದನ್ನು ಹುಡುಕುತ್ತಾರೆ. ಅವರಿಗೆ ಗೋಮಿ ದಡಿ ಬೇಕಿದ್ದಾಗ ಚಿಕ್ಕಿ ಪಾರಸ್ ತೋರಿಸಿ ಪ್ರಯೋಜನವಿಲ್ಲ.

‘art silk’ ಬಗ್ಗೆ ಒಂದು ಮಾತು. ಬರೀ silk ಎಂದು ಹಾಕಿದರೂ ಹುಡುಕಿದವರಿಗೆ ಈ ಸೀರೆ ಬರುತ್ತದೆ ನಿಜ, ಆದರೆ ಬಂದವರು ರೇಷ್ಮೆ ಎಂದೇ ತಿಳಿದು ಖರೀದಿಸಿ ಆಮೇಲೆ ವಾಪಸ್ ಕಳಿಸುತ್ತಾರೆ. art silk ಎಂದು ಪೂರ್ತಿ ಬರೆದರೆ silk ಎಂದು ಹುಡುಕಿದವರಿಗೂ ಕಾಣುತ್ತದೆ, ಮೋಸವೂ ಇಲ್ಲ.

ಬಣ್ಣವನ್ನು ಹೆಸರಿನಲ್ಲಿ ಹಾಕಿದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ. ಒಂದು ಐಟಂಗೆ ಹತ್ತು ಫೋಟೋ ಹಾಕಬಹುದು, ಐದು ಬಣ್ಣವನ್ನೂ ಒಂದರಲ್ಲೇ ತುಂಬಬಹುದಲ್ಲ? ತುಂಬಬಹುದು, ಆದರೆ ಫೋಟೋದೊಳಗಿನ ಬಣ್ಣವನ್ನಾಗಲಿ ಫೋಟೋ ಮೇಲೆ ಬರೆದ ಅಕ್ಷರವನ್ನಾಗಲಿ ಹುಡುಕಾಟ ಓದುವುದಿಲ್ಲ. ಮೂರನೆಯ ಫೋಟೋದಲ್ಲಿರುವ ಮರೂನ್ ಸೀರೆ maroon ಎಂದು ಹುಡುಕಿದವರಿಗೆ ಸಿಗುವುದಿಲ್ಲ. ಅದಕ್ಕೇ ಬಣ್ಣಕ್ಕೊಂದು ಐಟಂ ಮಾಡುತ್ತೇನೆ, ಹತ್ತು ಫೋಟೋಗಳ ಜಾಗವನ್ನು ಸೆರಗು, ದಡಿ, ಒಡಲು ಹತ್ತಿರದಿಂದ ತೋರಿಸಲು ಬಳಸುತ್ತೇನೆ. ಮಾರಾಟವಾದ ಬಣ್ಣವನ್ನು ಅಳಿಸದೆ ಮರೆಮಾಡಿ ಇಟ್ಟರೆ, ಅದೇ ಬಣ್ಣ ಮತ್ತೆ ಮಗ್ಗದಿಂದ ಬಂದಾಗ ಹೆಸರು, ವಿವರಣೆ ಎಲ್ಲ ಮತ್ತೆ ಬರೆಯಬೇಕಿಲ್ಲ.

ಹೆಸರು ಸರಿಯಿದ್ದೂ ಐಟಂ ಸಿಗದಿದ್ದರೆ ಅಕ್ಷರಗಳನ್ನೇ ಅನುಮಾನಿಸಬೇಕು. ಅಂದವಾಗಿ ಕಾಣಲೆಂದು ಕೆಲವರು 𝐈𝐥𝐤𝐚𝐥 ಎಂದು ದಪ್ಪ ಅಕ್ಷರವನ್ನು ಬೇರೆ ಆ್ಯಪ್‌ನಿಂದ ತಂದು ಅಂಟಿಸುತ್ತಾರೆ. ಕಣ್ಣಿಗೆ ಅದು Ilkal, ಆದರೆ ಫೋನಿನ ಲೆಕ್ಕದಲ್ಲಿ ಅವು ಗಣಿತದ ಚಿಹ್ನೆಗಳ ಗುಂಪಿಗೆ ಸೇರಿದ ಬೇರೆ ಅಕ್ಷರಗಳು. ಗಿರಾಕಿ ಕೀಬೋರ್ಡ್‌ನಲ್ಲಿ ಒತ್ತುವ I, l, k ಅವಲ್ಲ. S A R E E ಎಂದು ನಡುವೆ ಜಾಗ ಬಿಟ್ಟು ಬರೆದರೂ ಇದೇ ಪಾಡು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಅಂಗಡಿಯ ಹಳೆಯ ದರಪಟ್ಟಿ ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿದ್ದರೆ, ಅದನ್ನು ನಕಲು ಮಾಡಿ ಅಂಟಿಸಿದಾಗ ‘ಇಳಕಲ್ ಸೀರೆ’ ಎಂಬುದು E¼ÀPÀ¯ï ¹ÃgÉ ಎಂದಾಗುತ್ತದೆ. ಹೀಗೆ ಕಂಡರೆ ನುಡಿಯಲ್ಲೇ ಇರುವ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ, ಇಲ್ಲವೇ ಫೋನಿನಲ್ಲೇ ಮತ್ತೆ ಟೈಪ್ ಮಾಡಿ. ಪದಗಳನ್ನು ಕೂಡಿಸಿ ಬರೆಯುವ ಅಭ್ಯಾಸವನ್ನೂ ಇಲ್ಲಿ ಬಿಡಬೇಕು. ‘ರೇಷ್ಮೆಸೀರೆ’ ಎಂದರೆ ‘ಸೀರೆ’ ಪದದ ಹೊಟ್ಟೆಯೊಳಗೆ ಸಿಕ್ಕಿಕೊಳ್ಳುತ್ತದೆ. ‘ರೇಷ್ಮೆ ಸೀರೆ’ ಎಂದು ಬಿಡಿಸಿ ಬರೆದರೆ ಎರಡೂ ಪದ ಸ್ವತಂತ್ರವಾಗಿ ನಿಲ್ಲುತ್ತವೆ.

ವಿವರಣೆಯನ್ನು ನಾನು ಹುಡುಕಾಟಕ್ಕಿಂತ ಹೆಚ್ಚಾಗಿ, ಹುಡುಕಿ ಬಂದವರ ಪ್ರಶ್ನೆಗೆ ಉತ್ತರ ಎಂದು ಬರೆಯುತ್ತೇನೆ. ಸಿಗಲೇಬೇಕಾದ ಪದ ಹೆಸರಿನಲ್ಲೇ ಇರಬೇಕು, ವಿವರಣೆಯ ಮೇಲೆ ಭಾರ ಹಾಕಬಾರದು. ಆ ಹಸಿರು ಸೀರೆಯ ವಿವರಣೆ ಇದು:

```
6 ಗಜ, ಬ್ಲೌಸ್ ಪೀಸ್ ಇಲ್ಲ. ಒಡಲು ಹತ್ತಿ, ದಡಿ ಮತ್ತು ಸೆರಗು ಆರ್ಟ್ ಸಿಲ್ಕ್.
ಕೆಂಪು ಸೆರಗು, ಬಿಳಿ ತೆನಿ (ಟೋಪ್ ತೆನಿ). ಕೈಮಗ್ಗ.
ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ.
Ilakal seere, Irkal sari, tope teni, handloom
```

ಬ್ಲೌಸ್ ಪೀಸ್ ಮಾತು ಮೊದಲ ಸಾಲಿನಲ್ಲಿರುವುದು ಎಲ್ಲರೂ ಕೇಳುವ ಪ್ರಶ್ನೆ ಅದೇ ಎಂಬ ಕಾರಣಕ್ಕೆ. ಬೇಕಾದವರಿಗೆ ಗುಳೇದಗುಡ್ಡದ ಖಣ ಬೇರೆ ಐಟಂ ಆಗಿ ಇದ್ದೇ ಇರುತ್ತದೆ. ಕೊನೆಯ ಸಾಲಿನಲ್ಲಿ ಉಳಿದ ಕಾಗುಣಿತಗಳಿವೆ, ನಾಲ್ಕೈದು ಪದ ಸಾಕು. Paithani, Kanchi ಎಂದೆಲ್ಲ ಬೇರೆ ಸೀರೆಗಳ ಹೆಸರನ್ನು ಅಲ್ಲಿ ತುಂಬಿದರೆ, ಪೈಠಣಿ ಹುಡುಕಿದವರಿಗೆ ಇಳಕಲ್ ಬರುತ್ತದೆ, ಆ ಗಿರಾಕಿ ಮತ್ತೆ ನಿಮ್ಮ ಹುಡುಕು ಪೆಟ್ಟಿಗೆಯನ್ನು ನಂಬುವುದಿಲ್ಲ.

ಸೇವ್ ಮಾಡಿದ ಕೂಡಲೇ ಪರೀಕ್ಷೆ ಮಾಡಬೇಡಿ. ಐಟಂ ಮೊದಲು ವಾಟ್ಸ್ಆ್ಯಪ್‌ನ ಪರಿಶೀಲನೆಗೆ ಹೋಗುತ್ತದೆ, ಒಪ್ಪಿಗೆ ಸಿಗುವವರೆಗೆ ಅದು ಗಿರಾಕಿಗೆ ಕಾಣುವುದಿಲ್ಲ. ತಿರಸ್ಕೃತವಾದ ಐಟಂ ಪಕ್ಕದಲ್ಲಿ ಕೆಂಪು ಆಶ್ಚರ್ಯಸೂಚಕ ಬರುತ್ತದೆ. ಅದು ಇರುವವರೆಗೆ ಎಷ್ಟು ಒಳ್ಳೆಯ ಹೆಸರಿಟ್ಟರೂ ವ್ಯರ್ಥ. ಒಪ್ಪಿಗೆಯಾದ ಮೇಲೆ ಮನೆಯವರ ಸಾಮಾನ್ಯ ವಾಟ್ಸ್ಆ್ಯಪ್ ಇರುವ ಫೋನ್ ತೆಗೆದುಕೊಂಡು, ಅಂಗಡಿಯ ಪ್ರೊಫೈಲ್‌ನಿಂದ ಕ್ಯಾಟಲಾಗ್ ತೆರೆದು, ಕಾಗದದಲ್ಲಿ ಹೆಚ್ಚು ಗೆರೆ ಬಿದ್ದ ಪದಗಳನ್ನು ಒಂದೊಂದಾಗಿ ಹುಡುಕಿ ನೋಡುತ್ತೇನೆ. ಸ್ವಂತ ಫೋನ್ ಇದಕ್ಕೆ ಬೇಡ, ಅದರಲ್ಲಿ ಮರೆಮಾಡಿದ ಐಟಂಗಳೂ ಕಾಣುತ್ತವೆ. ಸಿಗದ ಪದದ ಮುಂದೆ ಅಡ್ಡಗುರುತು ಹಾಕಿ, ಅದು ಯಾವ ಸೀರೆಗಳಿಗೆ ನಿಜವಾಗಿ ಹೊಂದುತ್ತದೋ ಆ ಹೆಸರುಗಳಿಗೆ ಸೇರಿಸುತ್ತೇನೆ. ತಿಂಗಳಿಗೊಮ್ಮೆ ಹೊಸ ಚಾಟ್‌ಗಳಿಂದ ಆ ಕಾಗದ ಮತ್ತೆ ತುಂಬುತ್ತದೆ. ನಾಗರಪಂಚಮಿ ಹತ್ತಿರ ಬಂದಾಗ ಹೊಸ ಪದಗಳು ಎಂದಿಗಿಂತ ಹೆಚ್ಚು, ಆಗ ವಾರಕ್ಕೊಮ್ಮೆ ನೋಡಬೇಕಾಗುತ್ತದೆ.